ಇನ್ನು ಮುಂದೆ ನಮ್ಮಿಂದ ಲಿಂಕ್ ಬರುವುದಿಲ್ಲ

ಚಿಕ್ಕಮಗಳೂರು

ಪ್ರೀತಿಯ ಗ್ರಾಹಕರೇ,

ಈ ತಿಂಗಳಿಂದ ಕಾಫಿಪುಡಿ ಆರ್ಡರ್‌ಗೆ ನಾವು ಎಸ್ಸೆಮ್ಮೆಸ್, ವಾಟ್ಸಾಪ್ ಯಾವುದರಲ್ಲೂ ಲಿಂಕ್ ಕಳಿಸುವುದಿಲ್ಲ. ಪ್ಯಾಕೆಟ್ ಮೇಲಿರುವ ನಂಬರಿಗೆ ಫೋನ್ ಮಾಡಿ. ಇಲ್ಲವೇ ಅಲ್ಲೇ ಇರುವ ವೆಬ್ ವಿಳಾಸವನ್ನು ನೀವೇ ಟೈಪ್ ಮಾಡಿ. ಸ್ವಲ್ಪ ತೊಂದರೆಯೇ, ಕ್ಷಮಿಸಿ. ಫೋನ್ ಎತ್ತಲೆಂದೇ ಒಬ್ಬರನ್ನು ಇಟ್ಟುಕೊಂಡಿದ್ದೇವೆ, ಸಂಬಳ ನಮ್ಮ ಕೈಯಿಂದಲೇ. ಪುಡಿ ರೇಟು ಏರಿದ್ದು ಬೀಜದ ರೇಟಿನಿಂದ, ಇದರಿಂದಲ್ಲ. ‘ಕಂಪ್ಯೂಟರ್ ಖರ್ಚನ್ನೂ ನಮ್ಮ ತಲೆಗೇ ಕಟ್ಟಿದ್ರಿ’ ಅಂದವರಿದ್ದಾರೆ. ಬೇಜಾರಾಯಿತು. ಚಿಕೋರಿ ಒಂದು ಚಮಚ ಜಾಸ್ತಿ ಹಾಕಿ ಲೆಕ್ಕ ಸರಿಮಾಡುವ ಅಂಗಡಿ ನಮ್ಮದಲ್ಲ.

ಲಿಂಕ್ ನಿಲ್ಲಿಸಿದ್ದಕ್ಕೆ ಕಾರಣ ಇದು: ನಮ್ಮ ಹೆಸರಿನಲ್ಲಿ ಯಾರೋ ‘ಪಾರ್ಸೆಲ್ ನಿಂತಿದೆ, ಗೂಗಲ್ ಖಾತೆಯಿಂದ ಲಾಗಿನ್ ಆಗಿ’ ಅಂತ ಮೆಸೇಜ್ ಬಿಡುತ್ತಿದ್ದಾರೆ. ಅದರಲ್ಲಿರುವ ಲಿಂಕ್ ಒತ್ತಿದರೆ ಥೇಟ್ ಗೂಗಲ್ ಪುಟವೇ. ‘ವಿಳಾಸದ ಪಕ್ಕ ಬೀಗದ ಗುರುತು ಇತ್ತಲ್ಲ, ನಂಬದೆ ಇರೋದು ಹೇಗೆ?’ ಎಂದು ದಿನಾ ಕೇಳುತ್ತೀರಿ. ಆ ಬೀಗ ಹೇಳುವುದು ಇಷ್ಟೇ: ನಿಮಗೂ ಆ ಪುಟಕ್ಕೂ ನಡುವೆ ಹೋಗುವ ಮಾತನ್ನು ಬೇರೆಯವರು ಓದಲಾರರು. ಆ ಪುಟ ಯಾರದು ಅಂತ ಅದು ಹೇಳುವುದಿಲ್ಲ. ಕಳ್ಳನಿಗೂ ಆ ಬೀಗ ಪುಕ್ಕಟೆ ಸಿಗುತ್ತದೆ.

ನೋಡಬೇಕಾದ್ದು ವಿಳಾಸ. ಫೋನಿನಲ್ಲಿ ಅದರ ಮೇಲೆ ಒತ್ತಿ ಪೂರ್ತಿ ಓದಿ. ಇಂಥದ್ದೊಂದು ಬಂತು ಎನ್ನಿ:

```
https://accounts.google.com.parcel-check.example/login
```

ಶುರುವಿನ `https://` ಬಿಟ್ಟು, ಮುಂದೆ ಸಿಗುವ ಮೊದಲ ಓರೆಗೆರೆ ಹತ್ತಿರ ನಿಲ್ಲಿ. ಅಲ್ಲಿಂದ ಹಿಂದಕ್ಕೆ ಓದಿ. ಯಜಮಾನ `parcel-check.example`, ಗೂಗಲ್ ಅಲ್ಲ. ಎಡಗಡೆ ಯಾರ ಹೆಸರನ್ನು ಬೇಕಾದರೂ ಅಂಟಿಸಬಹುದು. ಇನ್ನೊಂದು ಸುಳಿವು: ಯಾವಾಗಲೂ ತಾನೇ ತುಂಬಿಕೊಳ್ಳುತ್ತಿದ್ದ ಪಾಸ್‌ವರ್ಡ್ ಈಗ ತುಂಬಿಕೊಳ್ಳದಿದ್ದರೆ ಅನುಮಾನಪಡಿ. ಕಣ್ಣು ಮೋಸಹೋದರೂ ಫೋನು ವಿಳಾಸ ನೋಡಿಯೇ ತುಂಬುತ್ತದೆ.

ಈಗಾಗಲೇ ಪಾಸ್‌ವರ್ಡ್ ಟೈಪ್ ಮಾಡಿಬಿಟ್ಟಿದ್ದರೆ ಸುಮ್ನೆ ಕೂರಬೇಡಿ. ಆ ಪುಟ ಮುಚ್ಚಿ, `myaccount.google.com` ಅಂತ ನೀವೇ ಟೈಪ್ ಮಾಡಿ, ಮೊದಲು ಪಾಸ್‌ವರ್ಡ್ ಬದಲಿಸಿ. ಅಲ್ಲೇ ಭದ್ರತೆ ವಿಭಾಗದಲ್ಲಿ ಖಾತೆ ಎಲ್ಲೆಲ್ಲಿ ತೆರೆದಿದೆ ಎಂಬ ಪಟ್ಟಿ ಇರುತ್ತದೆ. ನಿಮ್ಮದಲ್ಲದ್ದನ್ನು ಹೊರಹಾಕಿ. ಒಟಿಪಿಯನ್ನೂ ಕೊಟ್ಟಿದ್ದರೆ ಕಳ್ಳ ಆಗಲೇ ಒಳಗಿರಬಹುದು. ಖಾತೆ ವಾಪಸ್ ಪಡೆಯಲು ಕೊಟ್ಟ ಫೋನ್ ನಂಬರ್, ಇಮೇಲ್ ನಿಮ್ಮದೇನಾ ನೋಡಿ. ಎರಡು ಹಂತದ ಲಾಗಿನ್ ಹಾಕಿಕೊಳ್ಳಿ.

ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ, ಸಾಲದು. ನಿಮ್ಮ ಮೇಲ್‌ಗಳು ತನಗೂ ಬರುವ ಹಾಗೆ ಕಳ್ಳ ಜಿಮೇಲ್‌ನಲ್ಲಿ ಫಾರ್ವರ್ಡಿಂಗ್ ಇಟ್ಟಿರಬಹುದು. ಪಾಸ್‌ವರ್ಡ್ ಬದಲಿಸಿದರೂ ಅದು ಹೋಗುವುದಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಎರಡನ್ನೂ ನೋಡಿ. ಗೊತ್ತಿಲ್ಲದ್ದು ಕಂಡರೆ ಅಳಿಸಿ. ಅದೇ ಪಾಸ್‌ವರ್ಡ್ ಬೇರೆಲ್ಲಾದರೂ ಇಟ್ಟಿದ್ದರೆ ಅಲ್ಲೂ ಬದಲಿಸಿ. ದುಡ್ಡು ಹೋಗಿದ್ದರೆ ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡಮಾಡಿದಷ್ಟೂ ದುಡ್ಡು ತಡೆಯುವುದು ಕಷ್ಟ.

ಅರ್ಥವಾಗದಿದ್ದರೆ ಫೋನ್ ಹಿಡಿದು ಅಂಗಡಿಗೆ ಬನ್ನಿ, ಪುಡಿ ತೆಗೆದುಕೊಳ್ಳಲೇಬೇಕು ಅಂತೇನಿಲ್ಲ. ಪಕ್ಕದಲ್ಲಿ ನಿಂತು ತೋರಿಸುತ್ತೇವೆ. ಪಾಸ್‌ವರ್ಡ್ ಮಾತ್ರ ನಮಗೂ ಹೇಳಬೇಡಿ, ನೀವೇ ಒತ್ತಿ.

ನಿಮ್ಮ ಕಾಫಿಪುಡಿ ಅಂಗಡಿಯವರು