ಕ್ಯಾಂಟೀನ್ ಮ್ಯಾನೇಜರ್ ಅವರಿಗೆ: ವಾರದ ಮೆನುವಿನ ಕ್ಯಾಲರಿ, ಪ್ರೋಟೀನ್ ಲೆಕ್ಕ ಸರಿಯಾಗಿ ಕೊಡಿ

ಮ್ಯಾನೇಜರ್ ಸರ್ ಅವರಿಗೆ ನಮಸ್ಕಾರ,

ನಾನು ಮೂರನೇ ಸೆಮಿಸ್ಟರ್ ಬಿಕಾಂ ಹುಡುಗಿ. ಪಾಂಡವಪುರದ ಕಡೆಯಿಂದ ದಿನಾ ಬಸ್ಸಲ್ಲಿ ಮೈಸೂರಿಗೆ ಬರ್ತೀನಿ, ಬೆಳಿಗ್ಗೆ ಆರೂವರೆಗೆ ಮನೆ ಬಿಟ್ರೆ ತಿಂಡಿ, ಮಧ್ಯಾಹ್ನದ ಊಟ ಎರಡೂ ನಿಮ್ಮ ಕ್ಯಾಂಟೀನಲ್ಲೇ. ತಿಂಗಳ ಪಾಸ್ ಮಾಡಿಸಿದೀನಿ, ಒಂದು ತಿಂಗಳೂ ದುಡ್ಡು ಲೇಟ್ ಮಾಡಿಲ್ಲ. ಇದೇ ವಿಷಯಕ್ಕೆ ಮೂರು ಸಲ ಫೋನ್ ಮಾಡಿದೀನಿ, ಎರಡು ಸಲ ಕೌಂಟರ್ ಹತ್ರ ನಿಂತು ಕೇಳಿದೀನಿ. ಇನ್ನು ಬಾಯಲ್ಲಿ ಹೇಳೋದಿಲ್ಲ ಅಂತ ಈ ಪತ್ರ ಬರೀತಿದೀನಿ.

ನಾನು ಕೇಳಿದ್ದು ಇಷ್ಟೇ. ಸೋಮವಾರದಿಂದ ಶನಿವಾರದವರೆಗೆ ನೀವು ಮಾಡೋ ಊಟ ತಿಂಡಿಗೆ ಒಂದು ಪ್ಲೇಟಿಗೆ ಎಷ್ಟು ಕ್ಯಾಲರಿ, ಎಷ್ಟು ಪ್ರೋಟೀನ್ ಅಂತ ಬರೆದು ಹಾಕಿ. ಕಾಲೇಜು ಸೇರಿದಾಗ 52 ಕೆಜಿ ಇದ್ದೋಳು ಈಗ 46ಕ್ಕೆ ಇಳಿದಿದೀನಿ. ಆಸ್ಪತ್ರೆಯಲ್ಲಿ ಡಯಟೀಷಿಯನ್ ಮೇಡಂ ದಿನಕ್ಕೆ 50 ಗ್ರಾಂ ಪ್ರೋಟೀನ್ ಮುಟ್ಟಿಸ್ಲೇಬೇಕು ಅಂದ್ರು, ಕ್ಯಾಂಟೀನಲ್ಲಿ ಏನು ತಿಂತೀಯ ಎಷ್ಟು ತಿಂತೀಯ ಬರ್ಕೊಂಡು ಬಾ ಅಂದ್ರು. ಏನು ತಿಂತೀನಿ ಅಂತ ಬರೆದೆ, ಎಷ್ಟು ಅನ್ನೋದು ನನಗೆ ಹೆಂಗೆ ಗೊತ್ತಾಗ್ಬೇಕು, ಅಡುಗೆ ಮಾಡೋರು ನೀವಲ್ವಾ.

ಅದನ್ನ ಕೇಳೋಕೆ ಬಂದ ದಿನ ಏನಾಯ್ತು ಅನ್ನೋದು ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ. ಮಧ್ಯಾಹ್ನ ಒಂದು ಕಾಲು, ಲೈನ್ ಬಾಗಿಲು ದಾಟಿ ಆಚೆವರೆಗೆ ಇತ್ತು, ಅದಕ್ಕೇ ನಾನು ಪಕ್ಕಕ್ಕೆ ಬಂದು ನಿಧಾನಕ್ಕೆ ಕೇಳಿದೆ, ಸರ್ ಫೋನಲ್ಲಿ ಮಾತಾಡಿದ್ನಲ್ಲ ಪ್ರೋಟೀನ್ ಲೆಕ್ಕದ ವಿಷಯ ಅಂತ. ನೀವು ಚಿಲ್ಲರೆ ಎಣಿಸ್ತಾ ತಲೆ ಎತ್ತದೇನೆ "ಏನಮ್ಮಾ ಅದು?" ಅಂದ್ರಿ. ಇನ್ನೊಂದು ಸಲ ಹೇಳಿದೆ. ಆಗ ಚಿಲ್ಲರೆ ಕೆಳಗಿಟ್ಟು ನನ್ನನ್ನ ಮೇಲಿಂದ ಕೆಳಗೆ ನೋಡಿ ಇಡೀ ಲೈನಿಗೆ ಕೇಳೋ ಹಂಗೆ "ಮೇಡಂಗೆ ದಪ್ಪ ಆಗ್ಬೇಕೋ ಸಣ್ಣ ಆಗ್ಬೇಕೋ ಮೊದ್ಲು ಹೇಳ್ಬಿಡಿ, ಇನ್ನೂ ಸಣ್ಣ ಆದ್ರೆ ಗಾಳಿಗೆ ಹಾರ್ಕೊಂಡು ಚಾಮುಂಡಿ ಬೆಟ್ಟಕ್ಕೆ ಹೋಗ್ಬಿಡ್ತೀರಾ" ಅಂದ್ರಿ. ಲೈನಲ್ಲಿ ಇದ್ದೋರು ನಕ್ರು. ಸಾಂಬಾರ್ ಬಡಿಸೋ ಹುಡುಗ ಸೌಟು ಎತ್ತಿ ಹಿಡ್ಕೊಂಡು "ಒಂದು ಸೌಟು ಜಾಸ್ತಿ ಹಾಕ್ಲಾ ಪ್ರೋಟೀನ್ ಮೇಡಂ" ಅಂದ, ನೀವು ಅವನಿಗೆ ಒಂದು ಮಾತು ಗದರಲಿಲ್ಲ. ನನ್ನ ಹಿಂದೆ ನಮ್ಮ ಕ್ಲಾಸಿನ ಹುಡುಗರು ನಾಲ್ಕು ಜನ ಇದ್ರು. ಅವತ್ತಿಂದ ನನ್ನ ಹೆಸರು ಕ್ಲಾಸಲ್ಲಿ ಪ್ರೋಟೀನ್ ಮೇಡಂ. ಅವತ್ತು ಊಟ ಮಾಡದೇನೆ ಹೋದೆ ಸರ್, ಪಾಸಲ್ಲಿ ಪಂಚ್ ಮಾತ್ರ ಆಗಿತ್ತು.

ಅದಾಗಿ ಒಂದು ವಾರಕ್ಕೆ ನೋಟಿಸ್ ಬೋರ್ಡಲ್ಲಿ ಒಂದು ಶೀಟ್ ಅಂಟಿಸಿದ್ರಿ. ಆಗಿದ್ದೆಲ್ಲ ಆಯ್ತು, ಕೊನೆಗೂ ಮಾಡಿದ್ರಲ್ಲ ಅಂತ ನಿಜವಾಗ್ಲೂ ಖುಷಿ ಆಯ್ತು. ಸೋಮವಾರದ ಅನ್ನ ಸಾಂಬಾರ್ ಊಟಕ್ಕೆ ಪ್ರೋಟೀನ್ 34 ಗ್ರಾಂ ಅಂತ ಇತ್ತು. ನಾನು ಅದನ್ನ ನಂಬಿದೆ. ಮಧ್ಯಾಹ್ನಕ್ಕೇ 34 ಆದ್ರೆ ತಿಂಡಿ, ರಾತ್ರಿ ಮುದ್ದೆ ಎಲ್ಲ ಸೇರಿ 50 ದಾಟುತ್ತೆ ಅಂತ ದಿನಾ ತಗೋತಿದ್ದ ಎರಡು ಮೊಟ್ಟೆ ನಿಲ್ಲಿಸ್ಬಿಟ್ಟೆ, ದುಡ್ಡೂ ಉಳಿಯುತ್ತೆ ಅಂತ. ಮೂರು ವಾರ ಹಂಗೇ ನಡೀತು. ಆಮೇಲೆ ಆಸ್ಪತ್ರೆಗೆ ಹೋದಾಗ ತೂಕ ಇನ್ನೂ ಅರ್ಧ ಕೆಜಿ ಇಳಿದಿತ್ತು. ನಿಮ್ಮ ಶೀಟಿನ ಫೋಟೋ ತೋರಿಸಿದೆ. ಮೇಡಂ ಅದನ್ನ ಝೂಮ್ ಮಾಡಿ ನೋಡಿ ಕೇಳಿದ್ದು ಒಂದೇ ಮಾತು, "ಒಂದು ಪ್ಲೇಟ್ ಅನ್ನ ಸಾಂಬಾರಲ್ಲಿ ಐದಾರು ಮೊಟ್ಟೆಯಷ್ಟು ಪ್ರೋಟೀನ್ ಎಲ್ಲಿಂದಮ್ಮ ಬಂತು?"

ಅದಕ್ಕೆ ನಾನೇ ಹುಡುಕಿದೆ ಎಲ್ಲಿಂದ ಬಂತು ಅಂತ. ಹೋದ ಸೋಮವಾರ ನಿಮ್ಮ ಪ್ಲೇಟಿನ ಅನ್ನವನ್ನ ಸಾಂಬಾರ್ ಹಾಕ್ಸದೇನೆ ಹಂಗೇ ಸ್ಟೀಲ್ ಡಬ್ಬಿಗೆ ಹಾಕ್ಕೊಂಡು ಹೋಗಿ ನಮ್ಮೂರ ದಿನಸಿ ಅಂಗಡಿ ತಕ್ಕಡಿಯಲ್ಲಿ ತೂಗಿಸಿದೆ, ಡಬ್ಬಿ ತೂಕ ಕಳೆದು 332 ಗ್ರಾಂ ಬಂತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ ನಮ್ಮ ದೇಶದ ಆಹಾರ ಪದಾರ್ಥಗಳ ಪಟ್ಟಿ ಕೊಟ್ಟಿದಾರಲ್ಲ, ಅದರಲ್ಲಿ ಅಕ್ಕಿಗೆ 100 ಗ್ರಾಮಿಗೆ ಪ್ರೋಟೀನ್ 7.94 ಗ್ರಾಂ, ಶಕ್ತಿ ಸುಮಾರು 356 ಕ್ಯಾಲರಿ ಇದೆ. 332 ಗ್ರಾಮಿಗೆ ಗುಣಿಸಿದ್ರೆ 26.4 ಗ್ರಾಂ ಪ್ರೋಟೀನ್, 1182 ಕ್ಯಾಲರಿ. ನಿಮ್ಮ ಶೀಟಲ್ಲಿ ಅನ್ನದ ಎದುರಿಗೆ ಇರೋದು 26 ಮತ್ತು 1180. ತಪ್ಪು ಸಿಕ್ತಲ್ಲ ಸರ್? ಆ ಪಟ್ಟಿಯಲ್ಲಿರೋದು ಅಕ್ಕಿಯ ಲೆಕ್ಕ, ನೀವು ತೂಗಿರೋದು ಅನ್ನ. ಅನ್ನದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು. ನೀರಿಗೂ ಪ್ರೋಟೀನ್ ಕೊಟ್ಟಿದೀರಿ.

ನಮ್ಮ ಅಮ್ಮನ ಹತ್ರ ಕಾಲು ಕೆಜಿ ಅಕ್ಕಿ ಅನ್ನ ಮಾಡ್ಸಿ ತೂಗಿದೆ, 690 ಗ್ರಾಂ ಆಯ್ತು, ಅಂದ್ರೆ ಹತ್ರಹತ್ರ ಎರಡೂ ಮುಕ್ಕಾಲು ಪಟ್ಟು. ಆ ಲೆಕ್ಕದಲ್ಲಿ ನಿಮ್ಮ 332 ಗ್ರಾಂ ಅನ್ನಕ್ಕೆ ಅಕ್ಕಿ 120 ಗ್ರಾಂ. ಅಡುಗೆಮನೆ ಅಣ್ಣನನ್ನೂ ಕೇಳಿದೆ, ಪಾಪ ಅವರು ಮುಚ್ಚುಮರೆ ಇಲ್ಲದೆ "ಎರಡೂವರೆ ನೂರು ಪ್ಲೇಟ್‌ಗೆ ಅಕ್ಕಿ 30 ಕೆಜಿ, ತೊಗರಿಬ್ಯಾಳೆ ನಾಕು ಕೆಜಿ ಹಾಕ್ತೀವಿ ಕಣವ್ವ" ಅಂದ್ರು. 30 ಕೆಜಿ ಭಾಗಿಸು 250, ಅದೂ 120 ಗ್ರಾಮೇ. ಎರಡು ದಾರಿಯಲ್ಲಿ ಹೋದ್ರೂ ಒಂದೇ ಉತ್ತರ ಬಂತು. (ಇದನ್ನ ಹೇಳಿದ್ದಕ್ಕೆ ಆ ಅಣ್ಣನ ಮೇಲೆ ರೇಗಬೇಡಿ, ಕ್ಯಾಂಟೀನಲ್ಲಿ ನನ್ನ ಪ್ರಶ್ನೆಗೆ ಮರ್ಯಾದೆಯಿಂದ ಉತ್ತರ ಕೊಟ್ಟೋರು ಅವರೊಬ್ಬರೇ.)

ಈಗ ನಿಜವಾದ ಲೆಕ್ಕ ನೋಡಿ. 120 ಗ್ರಾಂ ಅಕ್ಕಿಯಲ್ಲಿ ಪ್ರೋಟೀನ್ ಒಂಬತ್ತೂವರೆ ಗ್ರಾಂ, ಸುಮಾರು 430 ಕ್ಯಾಲರಿ. ನಾಲ್ಕು ಕೆಜಿ ಬೇಳೆ 250 ಪ್ಲೇಟಿಗೆ ಹಂಚಿದ್ರೆ ತಲಾ 16 ಗ್ರಾಂ, ತೊಗರಿಬೇಳೆಯಲ್ಲಿ 100ಕ್ಕೆ 21.7 ಇರೋದ್ರಿಂದ ಅದರಲ್ಲಿ ಸಿಗೋದು ಮೂರೂವರೆ ಗ್ರಾಂ. ಎಲೆಕೋಸು ಪಲ್ಯ, ನೀರು ಮಜ್ಜಿಗೆ ಎರಡೂ ಸೇರಿ ಇನ್ನೆರಡು ಗ್ರಾಂ ಅಂತ ಧಾರಾಳವಾಗಿ ಹಾಕಿ. ಒಟ್ಟು 15. ನೀವು ಬರೆದಿದ್ದು 34. ನಾನು ಮೂರು ವಾರ ಇಲ್ಲದೇ ಇರೋ 19 ಗ್ರಾಂ ನಂಬ್ಕೊಂಡು ಮೊಟ್ಟೆ ಬಿಟ್ಟೆ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಬರುತ್ತೆ, ದಿನಕ್ಕೆ ಎರಡು ಅಂದ್ರೆ 12.

ಶೀಟಲ್ಲಿ ಇನ್ನೊಂದು ಕಡೆನೂ ಕಣ್ಣಿಗೆ ಹೊಡೆಯುತ್ತೆ. ಶುಕ್ರವಾರದ ವಡೆ ಒಂದಕ್ಕೆ ಕೊಬ್ಬು 14 ಗ್ರಾಂ, ಕ್ಯಾಲರಿ 97 ಅಂತ ಇದೆ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲರಿ. ಹದಿನಾಲ್ಕೊಂಬತ್ಲ 126, ಉದ್ದಿನ ಬೇಳೆಯ ಲೆಕ್ಕ ಇನ್ನೂ ಹಿಡಿದೇ ಇಲ್ಲ. ಇಡೀ ವಡೆಯ ಕ್ಯಾಲರಿ ಅದರೊಳಗಿನ ಎಣ್ಣೆಯ ಕ್ಯಾಲರಿಗಿಂತ ಕಮ್ಮಿ ಹೆಂಗಿರುತ್ತೆ? ಎಲ್ಲೆಲ್ಲಿಂದಲೋ ಕಾಪಿ ಮಾಡಿ ಅಂಟಿಸಿರೋದು ಅಂತ ಇದರಲ್ಲೇ ಗೊತ್ತಾಗುತ್ತೆ.

ನಿಯಮ ನಿಮಗೆ ಗೊತ್ತಿರಲೇಬೇಕು, ಆದ್ರೂ ಬರೀತೀನಿ. ಎಫ್‌ಎಸ್‌ಎಸ್‌ಎಐ 2020ರ ಲೇಬಲಿಂಗ್ ಮತ್ತು ಡಿಸ್‌ಪ್ಲೇ ನಿಯಮದ ಪ್ರಕಾರ ಕೇಂದ್ರ ಲೈಸೆನ್ಸ್ ಇರೋರು ಅಥವಾ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಕಡೆ ಊಟ ಕೊಡೋರು ಮೆನು ಬೋರ್ಡಲ್ಲಿ ಪ್ರತಿ ಐಟಂ ಎದುರಿಗೆ ಒಂದು ಸರ್ವಿಂಗ್ ಎಷ್ಟು, ಅದಕ್ಕೆ ಎಷ್ಟು ಕ್ಯಾಲರಿ ಅಂತ ಹಾಕ್ಬೇಕು, 2022ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ಒಂದೇ ಒಂದು ಸಣ್ಣ ಕ್ಯಾಂಟೀನ್ ಆಗಿದ್ರೆ ನಿಮಗೆ ಇದು ಅನ್ವಯ ಆಗ್ತಿರಲಿಲ್ಲ, ನಾನೂ ಕೈಮುಗಿದು ಕೇಳ್ತಿದ್ದೆ. ಆದ್ರೆ ನಿಮ್ಮ ಕೂಪನ್ ಹಿಂದೆ ನೀವೇ ಪ್ರಿಂಟ್ ಹಾಕ್ಸಿದೀರಿ, ಮೈಸೂರು ಮಂಡ್ಯ ಸೇರಿ 14 ಕಡೆ ನಮ್ಮ ಸೇವೆ ಅಂತ. ಪ್ರೋಟೀನನ್ನೂ ಬೋರ್ಡ್ ಮೇಲೆ ಬರೀಲೇಬೇಕು ಅಂತ ಆ ಸಾಲಿನಲ್ಲಿ ಇಲ್ಲ, ಒಪ್ಪಿದೆ. ಆದ್ರೆ ಕ್ಯಾಲರಿ ಲೆಕ್ಕ ಹಾಕೋಕೆ ನೋಡೋ ಪಟ್ಟಿಯಲ್ಲೇ ಪಕ್ಕದ ಕಾಲಮಲ್ಲಿ ಪ್ರೋಟೀನ್ ಇರುತ್ತೆ, ಅದನ್ನ ಬರೆದುಕೊಳ್ಳೋಕೆ ನಿಮಗೆ ಏನು ಕಷ್ಟ?

ಇದಕ್ಕೆ ಲ್ಯಾಬು ಬೇಡ, ಮಷೀನು ಬೇಡ. ದಿನಸಿ ಕೊಡುವಾಗ ಸ್ಟೋರಲ್ಲಿ ಹೆಂಗಿದ್ರೂ ತೂಗಿ ಬುಕ್ಕಲ್ಲಿ ಬರ್ಕೋತೀರಿ. ಬೇಯಿಸೋಕೆ ಮುಂಚಿನ ಆ ತೂಕವನ್ನ ಅವತ್ತು ಬಡಿಸಿದ ಪ್ಲೇಟಿಂದ ಭಾಗಿಸಿ, ಪಟ್ಟಿಯ ಅಂಕಿಯಿಂದ ಗುಣಿಸಿ. ಉಳಿದು ಚೆಲ್ಲಿದ ಅನ್ನ ಇದ್ರೆ ಅದನ್ನೂ ಲೆಕ್ಕದಿಂದ ತೆಗೀಬೇಕು. ಕರಿದಿದ್ದು ಮಾತ್ರ ಸ್ವಲ್ಪ ಕಷ್ಟ, ಅದಕ್ಕೆ ಬಾಣಲೆಗೆ ಹಾಕೋ ಮುಂಚೆ ಒಂದು ಸಲ, ಕರಿದು ಆರಿದ್ಮೇಲೆ ಒಂದು ಸಲ ಎಣ್ಣೆ ತೂಗಿ, ಕಮ್ಮಿ ಆಗಿದ್ದನ್ನ ವಡೆ ಲೆಕ್ಕದಲ್ಲಿ ಹಂಚಿ. ಸೌಟು ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಥರ, ಒಂದೆರಡು ಗ್ರಾಂ ಆಚೀಚೆ ಆದ್ರೆ ನಾನು ಜಗಳಕ್ಕೆ ಬರೋದಿಲ್ಲ. 15 ಇರೋದನ್ನ 34 ಅಂದ್ರೆ ಬರ್ತೀನಿ.

ವಾರದ್ದೆಲ್ಲ ಯಾಕೆ ಬೇಕು ಅಂತ ಫೋನಲ್ಲಿ ಕೇಳಿದ್ರಿ. ಬುಧವಾರ ಮುದ್ದೆ ಜೊತೆ ಹುರುಳಿಕಾಳು ಸಾರು ಮಾಡ್ತೀರಿ, ಅವತ್ತು ಕಾಳು ಒಬ್ಬರಿಗೆ 40 ಗ್ರಾಂ ಬಿದ್ರೂ ಅದರಲ್ಲೇ ಎಂಟು ಗ್ರಾಂಗಿಂತ ಜಾಸ್ತಿ ಬರುತ್ತೆ, ಅವತ್ತು ನನಗೆ ಒಂದು ಮೊಟ್ಟೆ ಸಾಕು. ಸೋಮವಾರ ತಿಳಿಸಾಂಬಾರಿನ ದಿನ ಎರಡು ಬೇಕು, ಮೇಲೆ ಕಡಲೆಬೀಜನೂ ತರ್ಬೇಕು. ಯಾವ ದಿನ ಮನೆಯಿಂದ ಏನು ಕಟ್ಕೊಂಡು ಬರ್ಬೇಕು ಅಂತ ಹಿಂದಿನ ರಾತ್ರಿನೇ ಗೊತ್ತಾಗ್ಬೇಕು ಸರ್, ಆರೂವರೆ ಬಸ್ಸಿಗೆ ಓಡೋ ಹೊತ್ತಲ್ಲಿ ಅಲ್ಲ.

ಈಗ ಬೋರ್ಡಲ್ಲಿರೋ ಶೀಟನ್ನ ಈ ಪತ್ರ ಕೈಗೆ ಸಿಕ್ಕಿದ ದಿನವೇ ಕೀಳಿ. ನನ್ನ ಥರ ಇನ್ನೊಬ್ಬರು ಅದನ್ನ ನಂಬಬಾರದು. ಬರೋ ಸೋಮವಾರದೊಳಗೆ ಆರು ದಿನದ ಸರಿಯಾದ ಲೆಕ್ಕ, ಸ್ಟೋರ್ ಬುಕ್ಕಿನ ತೂಕದ ಸಮೇತ ಹಾಕಿ. ಮತ್ತೆ ಲೈನಲ್ಲಿ ಆಡಿದ ಮಾತಿಗೆ ಅದೇ ಕೌಂಟರಲ್ಲಿ, ಅದೇ ಒಂದು ಕಾಲು ಗಂಟೆ ಹೊತ್ತಿಗೆ ಸಾರಿ ಕೇಳಿ.

ಸೋಮವಾರ ಸಂಜೆವರೆಗೆ ಕಾಯ್ತೀನಿ. ಮಂಗಳವಾರ ಬೆಳಿಗ್ಗೆ ನಿಮ್ಮ ಶೀಟಿನ ಫೋಟೋ, ತಕ್ಕಡಿ ಮೇಲಿನ ಡಬ್ಬಿ ಫೋಟೋ, 14 ಕಡೆ ಅಂತ ಇರೋ ಕೂಪನ್ ಮೂರನ್ನೂ ಇಟ್ಟು ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಲಿಖಿತ ದೂರು ಕೊಡ್ತೀನಿ, ಒಂದು ಪ್ರತಿ ಪ್ರಿನ್ಸಿಪಾಲ್ ಸರ್‌ಗೆ, 1915 ನಂಬರಿನ ಗ್ರಾಹಕ ಸಹಾಯವಾಣಿಯಲ್ಲೂ ನೋಂದಾಯಿಸ್ತೀನಿ. ನಿಮ್ಮ ಕಾಂಟ್ರಾಕ್ಟ್ ಈ ವರ್ಷದ ಕೊನೆಗೆ ರಿನ್ಯೂವಲ್‌ಗೆ ಬರುತ್ತೆ ಅಂತ ಕ್ಯಾಂಟೀನ್ ಕಮಿಟಿಯ ಸ್ಟೂಡೆಂಟ್ ಮೆಂಬರ್ ಹೇಳಿದಾರೆ. ಆ ಮೀಟಿಂಗಿಗೆ ನಾನೂ ಬರ್ತೀನಿ, ಡಬ್ಬಿ ಮತ್ತೆ ತಕ್ಕಡಿ ತಗೊಂಡು.

ಇಂತಿ,
ಮೂರನೇ ಸೆಮಿಸ್ಟರ್ ಬಿಕಾಂ ವಿದ್ಯಾರ್ಥಿನಿ
(ನೀವು ಪ್ರೋಟೀನ್ ಮೇಡಂ ಮಾಡಿದೋಳು)