ಔಷಧ ನುಂಗಿದಾಗ: ಬಾಟಲಿಯ ಚಿತ್ರದಿಂದ ಓದಿ ಹೇಳಬೇಕಾದುದು

ಆತ್ಮೀಯ ಸದಸ್ಯರೇ,

ಮಗು ಜ್ವರದ ಸಿರಪ್ ಕುಡಿದುಬಿಟ್ಟರೆ, ಬಾಟಲಿಯ ಎಲ್ಲ ಬದಿಗಳ ಚಿತ್ರ ತೆಗೆದುಕೊಂಡು ದೆಹಲಿಯ ಏಮ್ಸ್ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117ಕ್ಕೆ ಕರೆ ಮಾಡಿ. ಮಗುವಿಗೆ ಪ್ರಜ್ಞೆ ತಪ್ಪಿದ್ದರೆ ಅಥವಾ ಉಸಿರಾಟ ಕಷ್ಟವಾಗಿದ್ದರೆ ಮೊದಲು 108. ಆಗುಂಬೆ, ಹೊಸನಗರದ ಕಡೆ ಮಳೆಗಾಲದಲ್ಲಿ ಚಿತ್ರ ಹೋಗದಿದ್ದರೂ ಮಾತು ಕೇಳಿಸುವುದರಿಂದ, ಚಿತ್ರವನ್ನು ದೊಡ್ಡದು ಮಾಡಿ ಓದಿ ಹೇಳುವುದೇ ಲೇಸು.

ದೊಡ್ಡ ಅಕ್ಷರದ ಕಂಪನಿ ಹೆಸರಿಗಿಂತ ಅದರ ಕೆಳಗಿನ ಸಣ್ಣ ಸಾಲು ಮುಖ್ಯ. ಪ್ಯಾರಸಿಟಮಾಲ್ ಸಿರಪ್ 5 ಮಿ.ಲೀ.ಗೆ 120 ಮಿ.ಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. 12 ಕಿಲೋ ತೂಕದ ಮಗುವಿನ ಬಳಿ ಸಿಕ್ಕಿದ 60 ಮಿ.ಲೀ. ಬಾಟಲಿಯಲ್ಲಿ 10 ಮಿ.ಲೀ. ಮಾತ್ರ ಉಳಿದಿದೆ ಎನ್ನಿ. ಚೆಲ್ಲಿದ್ದೆಷ್ಟೆಂದು ಖಚಿತವಿಲ್ಲದಿದ್ದರೆ 50 ಮಿ.ಲೀ. ಪೂರ್ತಿ ಹೊಟ್ಟೆಗೆ ಹೋಗಿದೆಯೆಂದೇ ಹಿಡಿಯಬೇಕು. ಆಗ ಮೊದಲನೆಯದರಲ್ಲಿ 1200 ಮಿ.ಗ್ರಾಂ, ಎರಡನೆಯದರಲ್ಲಿ 2500 ಆಗುತ್ತದೆ. ಅಂದರೆ ಪ್ರತಿ ಕಿಲೋ ತೂಕಕ್ಕೆ 100 ಮತ್ತು ಸುಮಾರು 208. ಲೇಬಲ್ಲಿನಲ್ಲಿ ಪ್ಯಾರಸಿಟಮಾಲ್ ಜೊತೆ ಇನ್ನೊಂದು ಔಷಧದ ಹೆಸರಿದ್ದರೆ ಅದನ್ನೂ ಪ್ರಮಾಣಸಹಿತ ಓದಬೇಕು.

ಬಾಟಲಿಯ ಮೇಲೆ ಬರೆದಿರದ ಮೂರು ಸಂಗತಿಗಳನ್ನೂ ಅವರು ಕೇಳುತ್ತಾರೆ: ಮಗುವಿನ ತೂಕ, ನುಂಗಿದ ಹೊತ್ತು, ಅಂದು ಈಗಾಗಲೇ ಕೊಟ್ಟಿದ್ದ ಔಷಧ. ಹೊತ್ತು ಏಕೆಂದರೆ, ಯಕೃತ್ತಿಗೆ ಪೆಟ್ಟು ಬೀಳುವಷ್ಟು ಔಷಧ ಹೋಗಿದ್ದರೂ ಮೊದಲ ದಿನ ಮಗು ಆಡಿಕೊಂಡೇ ಇರಬಹುದು, ಮತ್ತು ರಕ್ತದಲ್ಲಿನ ಪ್ರಮಾಣವನ್ನು ನುಂಗಿ ನಾಲ್ಕು ಗಂಟೆ ಕಳೆದ ಮೇಲೆಯೇ ಅಳೆಯುತ್ತಾರೆ. ವಾಂತಿ ಮಾಡಿಸಬೇಡಿ, ಆಸ್ಪತ್ರೆಗೆ ಹೊರಟರೆ ಚಿತ್ರವಿದ್ದರೂ ಬಾಟಲಿಯನ್ನು ಜೊತೆಗೊಯ್ಯಿರಿ.