ಸೀಟ್ ಬೆಲ್ಟ್ ಬಿಚ್ಚದ ಪ್ರೇಮಿ

ಮಾನ್ಯ ಸಂಪಾದಕರೇ,

ಪುರವಣಿಯಲ್ಲಿ ರಾಕ್ ಸಂಗೀತದ ಲೇಖನ ಓದಿದೆ. ಅಮೆರಿಕದ ರಾಕ್ ಗಾಯಕ ಚಕ್ ಬೆರ್ರಿಯ ಗಿಟಾರನ್ನು ಹೊಗಳಿದ ಲೇಖಕರು ಅವನ ಹಾಡುಗಳ ಸಾಹಿತ್ಯವನ್ನು ಮರೆತೇಬಿಟ್ಟಿದ್ದಾರೆ.

1955ರ ‘ಮೇಬೆಲೀನ್’ ಹಾಡಿನಲ್ಲಿ ಕೈಕೊಟ್ಟ ಹುಡುಗಿ ಕ್ಯಾಡಿಲಾಕ್‌ನಲ್ಲಿದ್ದಾಳೆ, ಇವನು ಫೋರ್ಡ್‌ನಲ್ಲಿ ಬೆನ್ನಟ್ಟುತ್ತಾನೆ. ಎಂಜಿನ್ ಕಾದು ಕೆಂಪಾಗುವ ಹೊತ್ತಿಗೆ ಮಳೆ ಬಂದು ತಣಿಸುತ್ತದೆ! ವಿರಹವನ್ನು ಬಾನೆಟ್ಟಿನ ಬಿಸಿಯಲ್ಲಿ ಅಳೆದದ್ದು ಹೊಸತು.

1957ರ ‘ಸ್ಕೂಲ್ ಡೇ’ಯಲ್ಲಿ ಇತಿಹಾಸ, ಗಣಿತದ ತರಗತಿ, ಹಿಂದೆ ಕೂತವನ ಕಾಟ, ಮಧ್ಯಾಹ್ನ ಊಟದ ಕೋಣೆಯ ನೂಕುನುಗ್ಗಲು. ಮೂರು ಗಂಟೆಗೆ ಬಿಡುಗಡೆ; ನೇರ ಹಾಡು ನುಡಿಸುವ ಜೂಕ್‌ಬಾಕ್ಸ್‌ಗೆ ನಾಣ್ಯ. ಪ್ರತಿ ಸಾಲಿಗೂ ಗಿಟಾರ್ ಮರುನುಡಿಯುತ್ತದೆ, ಮೇಷ್ಟರಿಗೆ ಎದುರುತ್ತರ ಕೊಟ್ಟಂತೆ. ಬರೆದವನಿಗೆ ಆಗಲೇ ಮೂವತ್ತು ದಾಟಿತ್ತು. ರೆಕಾರ್ಡ್ ಕೊಳ್ಳುವವರು ಯಾರೆಂದು ಚೆನ್ನಾಗಿ ಬಲ್ಲವನು.

1964ರಲ್ಲಿ ಅದೇ ಧಾಟಿಗೆ ಬೇರೆ ಮಾತು ಕೂರಿಸಿದ, ‘ನೋ ಪರ್ಟಿಕ್ಯುಲರ್ ಪ್ಲೇಸ್ ಟು ಗೋ’. ಶಾಲೆಯ ಜಾಗದಲ್ಲಿ ಈಗ ಕಾರು, ಪಕ್ಕದಲ್ಲಿ ಹುಡುಗಿ. ಗಾಡಿ ನಿಲ್ಲಿಸಿ ಬೆಳದಿಂಗಳಲ್ಲಿ ಅಡ್ಡಾಡೋಣವೆಂದರೆ ಅವಳ ಸೀಟ್ ಬೆಲ್ಟೇ ಬಿಚ್ಚುವುದಿಲ್ಲ. ಪಾಪ, ಮನೆಯವರೆಗೂ ಅದರೊಂದಿಗೇ ಗುದ್ದಾಟ.

– ಒಬ್ಬ ಓದುಗ, ಧಾರವಾಡ